ಐದು ರೂಪಾಯಿಯ ಕಾಗದ

ನಮ್ಮ ಮನೆಯಿಂದ ದಿನಾ ನಲವತ್ತು ಊಟದ ಕ್ಯಾರಿಯರ್ ಹೊರಡುತ್ತವೆ. ಮಡಿಕೇರಿಯ ಮಳೆ, ಚಳಿ, ಮಂಜು ಯಾವುದಿದ್ದರೂ ಹನ್ನೆರಡೂವರೆಗೆ ನಮ್ಮವರ ಸ್ಕೂಟರ್ ಶುರುವಾಗಲೇಬೇಕು. ಅಡುಗೆ ಅತ್ತೆಯದು, ಲೆಕ್ಕ ನನ್ನದು. ಹಾಗಾಗಿ ದರ ಏರಿಸುವ ಕಾಗದ ಬರೆಯುವ ಕರ್ಮವೂ ನನ್ನ ಪಾಲಿಗೇ ಬಂತು.

ನಿಜ ಹೇಳಬೇಕೆಂದರೆ ಮೊದಲು ಕಳ್ಳದಾರಿ ಹಿಡಿದಿದ್ದೆವು. ನಮ್ಮಲ್ಲಿ ಕಾಫಿ, ಮೆಣಸಿಗೆ ಬರವಿಲ್ಲ. ತೆಂಗಿನಕಾಯಿ ಮಾತ್ರ ನಮ್ಮ ಅಂಗಡಿಗೆ ಹೊರಗಿನಿಂದ ಗಾಡಿಯಲ್ಲೇ ಬರಬೇಕು. ಮೂವತ್ತೈದರ ಕಾಯಿ ಅರವತ್ತಾದಾಗ ಚಟ್ನಿಗೆ ಕಾಯಿ ಕಮ್ಮಿ ಮಾಡಿ ಹುರಿಗಡಲೆ ಜಾಸ್ತಿ ಹಾಕಿದೆವು. ಯಾರೂ ಏನೂ ಹೇಳಲಿಲ್ಲ. ಆದರೆ ಸಂಜೆ ಕ್ಯಾರಿಯರ್ ತೊಳೆಯುವಾಗ ಗೊತ್ತಾಯಿತು. ಅನ್ನದ ಡಬ್ಬಿ ಖಾಲಿ, ಸಾರಿನದ್ದೂ ಖಾಲಿ, ಚಟ್ನಿಯ ಪುಟಾಣಿ ಡಬ್ಬಿ ಮಾತ್ರ ಅರ್ಧ ಹಾಗೇ. ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗಿ ಗೋಂದಿನ ಹಾಗೆ ಅಂಟಿಕೊಂಡಿತ್ತು. ಅತ್ತೆ ಬೆರಳಲ್ಲಿ ಕೆರೆದು ನೋಡಿ, “ಕಾಗದ ಬರಿ” ಅಂದರು.

ಲೆಕ್ಕ ಹಾಕಿದೆ. ದಿನಕ್ಕೆ ಆರು ಕಾಯಿ, ತಿಂಗಳಿಗೆ ಇಪ್ಪತ್ತಾರು ದಿನ. ಕಾಯಿಗೇ 3,900 ರೂಪಾಯಿ ಜಾಸ್ತಿ. ಗ್ಯಾಸು, ಎಣ್ಣೆ, ಪೆಟ್ರೋಲು ಸೇರಿ ಇನ್ನೊಂದು ಸಾವಿರ. 4,900ನ್ನು ತಿಂಗಳ 1,040 ಊಟಕ್ಕೆ ಹಂಚಿದರೆ ಊಟಕ್ಕೆ ಐದು ರೂಪಾಯಿಗೆ ಸ್ವಲ್ಪ ಕಮ್ಮಿ. ಅರವತ್ತಿದ್ದದ್ದು ಅರವತ್ತೈದು. ಹೇಗಿದ್ದರೂ ಏರಿಸುತ್ತೀವಲ್ಲ, ಎಪ್ಪತ್ತೇ ಮಾಡೋಣ ಎಂದರು ನಮ್ಮವರು. ಆ ಐದಕ್ಕೆ ಕಾರಣ ಏನಂತ ಬರೆಯಲಿ ಎಂದು ಕೇಳಿದೆ. ಸುಮ್ಮನಾದರು.

ನನ್ನ ಮೊದಲ ಕಾಗದದಲ್ಲಿ “ಅನಿವಾರ್ಯ ಕಾರಣಗಳಿಂದ” ಇತ್ತು, ಮೂರು ಸಲ ಕ್ಷಮೆಯೂ ಇತ್ತು. “ಯಾರಾದ್ರೂ ತೀರಿಕೊಂಡ್ರಾ?” ಎಂದು ಅತ್ತೆ ಹರಿದುಹಾಕಿದರು. ಎರಡನೆಯದು ಇಷ್ಟೇ: ಬರುವ ಒಂದನೇ ತಾರೀಖಿನಿಂದ ಊಟಕ್ಕೆ 65 ರೂಪಾಯಿ. ಕಾಯಿ, ಗ್ಯಾಸಿನ ಬೆಲೆ ಏರಿದೆ. ಮುಂಗಡ ಕೊಟ್ಟವರಿಗೆ ಆ ದುಡ್ಡು ಮುಗಿಯುವವರೆಗೆ ಹಳೇ ದರವೇ. ಚಟ್ನಿಗೆ ಮತ್ತೆ ಮೊದಲಿನಷ್ಟೇ ಕಾಯಿ ಹಾಕುತ್ತೇವೆ. ಬೇಡದವರು ತಿಂಗಳ ಕೊನೆಯೊಳಗೆ ಹೇಳಿ, ಉಳಿದ ದುಡ್ಡು ವಾಪಸ್ ಕೊಡುತ್ತೇವೆ.

ಮುಂಗಡದ ಸಾಲು ಅತ್ತೆಯ ಹಟ. ಕೊಟ್ಟ ದುಡ್ಡಿಗೆ ಹೊಸ ದರ ಹಾಕಿದರೆ ಐದು ರೂಪಾಯಿ ಸಿಗುತ್ತದೆ, ಗಿರಾಕಿ ಹೋಗುತ್ತಾರೆ ಅನ್ನುವುದು ಅವರ ಲೆಕ್ಕ. ತಾರೀಖಿಗೆ ಹದಿನೈದು ದಿನ ಮೊದಲೇ ಕಳಿಸಿದ್ದೂ ಅದಕ್ಕೇ.

ಕಳಿಸುವುದರಲ್ಲೂ ಎಡವಿದೆವು. ಮೊದಲ ದಿನ ಮೇಲಿನ ಡಬ್ಬಿಯ ಮುಚ್ಚಳದೊಳಗೆ ಮಡಚಿಟ್ಟೆ. ಅನ್ನದ ಹಬೆಗೆ ಶಾಯಿ ಹರಡಿ 65 ಹೋಗಿ 85ರ ಹಾಗೆ ಕಾಣುತ್ತಿತ್ತಂತೆ. ಎರಡು ಮನೆಯಿಂದ ಗಾಬರಿಯ ಫೋನು! ಮಾರನೇ ದಿನ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಹಿಡಿಕೆಗೆ ಕಟ್ಟಿದೆವು.

ಒಬ್ಬರು ಬಿಟ್ಟರು. ಇನ್ನೊಬ್ಬರು ವಾರಕ್ಕೆ ಮೂರೇ ದಿನ ಸಾಕೆಂದರು. ರಿಟೈರ್ ಆದ ಮೇಷ್ಟ್ರೊಬ್ಬರ ಕ್ಯಾರಿಯರಿನಲ್ಲಿ ನನ್ನ ಕಾಗದವೇ ವಾಪಸ್ ಬಂತು. ಎರಡು ಕಡೆ ಒತ್ತಕ್ಷರ ತಿದ್ದಿದ್ದರು. ಕೆಳಗೆ ಕೆಂಪು ಪೆನ್ನಿನಲ್ಲಿ, “ಹುರಿಗಡಲೆ ಎರಡು ವಾರದ ಹಿಂದೆಯೇ ಗೊತ್ತಾಗಿತ್ತು.”