ಸಿಮ್ಯುಲೇಶನ್‌ನಲ್ಲಿ ಸರಿ, ಡ್ರೈಯರ್‌ನಲ್ಲಿ ತೂಗಾಟ

"ಸಿಮ್ಯುಲೇಶನ್‌ನಲ್ಲಿ ವಿಳಂಬಕ್ಕೆ ಪಾಡೆ ಅಂದಾಜು ಹಾಕಿದಾಗ ಲೂಪ್ ಸ್ಥಿರ. ನಿಜವಾದ ಡ್ರೈಯರ್ ಯಾಕೆ ತೂಗಾಡುತ್ತೆ?"

ಸೋಮವಾರಪೇಟೆ ಹತ್ತಿರದ ನಮ್ಮ ಕಾಫಿ ಡ್ರೈಯರ್‌ನಲ್ಲೂ ಹೀಗೇ ಆಗಿತ್ತು. ಬರ್ನರ್ ಏರಿಸಿದ್ದು ಸೆನ್ಸರ್‌ಗೆ ಗೊತ್ತಾಗಲು 20 ಸೆಕೆಂಡ್ ಬೇಕು. ಮೊದಲ ದರ್ಜೆಯ ಪಾಡೆ ಈ ವಿಳಂಬವನ್ನು ಒಂದು ಸರಳ ಭಿನ್ನರಾಶಿಯಾಗಿ ಹೀಗೆ ಬರೆಯುತ್ತದೆ:

```
e^(-20s) ≈ (1 - 10s)/(1 + 10s)
```

ಪಿಐ ಕಂಟ್ರೋಲರ್ ಬಿಸಿಯಾಗುವ ನಿಧಾನವನ್ನು ಸರಿದೂಗಿಸಿದ ಮೇಲೆ ಉಳಿದದ್ದು k/s ಮತ್ತು ಈ ವಿಳಂಬ ಮಾತ್ರ. ನಾನು k = 0.09 ಇಟ್ಟಿದ್ದೆ. ಆಗ 0.09 ರೇಡಿಯನ್/ಸೆಕೆಂಡ್‌ನಲ್ಲಿ ಪಾಡೆ ಕಳೆಯುವ ಫೇಸ್ ಸುಮಾರು 84 ಡಿಗ್ರಿ, ನಿಜವಾದ ವಿಳಂಬ ಕಳೆಯುವುದು 103. k/s ನ 90 ಸೇರಿಸಿ ನೋಡಿ: ಪಾಡೆಯಲ್ಲಿ 174, ನಿಜದಲ್ಲಿ 193. 180 ದಾಟಿತು, ಅಲ್ವಾ? ಅದಕ್ಕೇ ತೂಗಾಟ. ಪಾಡೆ ಪ್ರಕಾರ k 0.1 ರವರೆಗೆ ಹೋಗಬಹುದು, ನಿಜದಲ್ಲಿ 0.0785 ಕ್ಕೇ ಮುಗಿಯುತ್ತದೆ.

ಇನ್ನೊಂದು ಗುರುತು: ಸಿಮ್ಯುಲೇಶನ್ ಗ್ರಾಫ್‌ನಲ್ಲಿ ಬರ್ನರ್ ಏರಿಸಿದ ಕೂಡಲೇ ಉಷ್ಣತೆ ಮೊದಲು ಕೆಳಗಿಳಿಯುತ್ತದೆ. ಡ್ರೈಯರ್‌ನಲ್ಲಿ ಹಾಗಾಗಲ್ಲ. ಅದು ಪಾಡೆಯ ಅಂಶ 1 - 10s ಶೂನ್ಯವಾಗುವ s = 0.1 ರಲ್ಲಿ, ಬಲಬದಿಯಲ್ಲಿ ಕೂತ ಸೊನ್ನೆಯ ಕೆಲಸ.

ಬ್ಯಾಂಡ್‌ವಿಡ್ತ್ ಆ ಸೊನ್ನೆಯ ಅರ್ಧ, ಅಂದರೆ 1/20 = 0.05 ರೇಡಿಯನ್/ಸೆಕೆಂಡ್ ಮೀರದಂತೆ ಇಡಿ. ಅಲ್ಲಿ ಪಾಡೆ 53 ಡಿಗ್ರಿ, ನಿಜ 57. ಎರಡನೇ ದರ್ಜೆ ಹಾಕಿದರೆ ಸಿಮ್ಯುಲೇಶನ್ ಇನ್ನೂ ನಿಖರ, ಆದರೆ ಮಿತಿ ಏರಲ್ಲ. ನಾವು ಸೆನ್ಸರನ್ನೇ ಬರ್ನರ್ ಹತ್ತಿರಕ್ಕೆ ತಂದೆವು. ವಿಳಂಬ 10 ಸೆಕೆಂಡ್‌ಗೆ ಇಳಿಯಿತು, ಬ್ಯಾಂಡ್‌ವಿಡ್ತ್ ಮಿತಿ 0.1 ಆಯಿತು.