ಮೊದಲ ಮಡಿಕೆಯ ದರ್ಬಾರು

ಈಗ ಬಸ್ ಟಿಕೆಟ್ ಯಂತ್ರದಿಂದ ಕಿರ್ರೆಂದು ಹೊರಗೆ ಬರುತ್ತದೆ. ಮುಂಚೆ ಕಂಡಕ್ಟರ್ ಕೈಯಲ್ಲಿ ಪಂಚ್ ಇರುತ್ತಿತ್ತು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಟಿಕೆಟ್ ತೂತು ಮಾಡುವ ಆ ಟಕ್ ಟಕ್ ಸದ್ದು ಹಿಂದಿನ ಸೀಟಿನವರೆಗೂ ಕೇಳುತ್ತಿತ್ತು. ನಾಲ್ಕು ಟಿಕೆಟ್ ಒಟ್ಟಿಗೆ ಹಿಡಿದು ಒತ್ತಿದರೆ ನಾಲ್ಕರಲ್ಲೂ ಒಂದೇ ಜಾಗದಲ್ಲಿ ತೂತು. ಅದರಲ್ಲಿ ವಿಶೇಷ ಏನಿಲ್ಲ. ಆದರೆ ಒಂದೇ ಟಿಕೆಟನ್ನು ಮಡಚಿ, ಮತ್ತೆ ಮಡಚಿ ಒತ್ತಿದರೆ ತೂತುಗಳು ಎಲ್ಲೆಲ್ಲಿ ಕೂರುತ್ತವೆ? ಬಿಚ್ಚಿ ನೋಡದೆ ಹೇಳಬೇಕು. ನವೋದಯ ಪರೀಕ್ಷೆಗೆ ಕೂರುವ ಐದನೇ ಕ್ಲಾಸಿನ ಮಕ್ಕಳಿಗೆ ಇದೇ ಪ್ರಶ್ನೆ.

ನಮ್ಮ ಮನೆಯಲ್ಲೂ ಅಂಥ ಒಬ್ಬಳಿದ್ದಾಳೆ, ನನ್ನ ಸೊಸೆ. ಅಂದರೆ ಅಕ್ಕನ ಮಗಳು. ಮಳೆಗಾಲದ ಸಂಜೆ ಕರೆಂಟ್ ಹೋದಾಗೆಲ್ಲ ಗೈಡ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾಳೆ. ಆ ಪರೀಕ್ಷೆಯ ಮಾನಸಿಕ ಸಾಮರ್ಥ್ಯದ ಭಾಗದಲ್ಲಿ 40 ಪ್ರಶ್ನೆ, 60 ನಿಮಿಷ. ಒಂದಕ್ಕೆ ಒಂದೂವರೆ ನಿಮಿಷ ಸಿಗುತ್ತದೆ. ಇದು ಉದಾರವೇ ಅನ್ನಬೇಕು. ಅಮೆರಿಕದ ಇ.ಟಿ.ಎಸ್. ಸಂಸ್ಥೆ 1976ರಲ್ಲಿ ತಂದ ಪರೀಕ್ಷೆಗಳ ಕಟ್ಟಿನಲ್ಲಿ ಇದೇ ಕಾಗದ ಮಡಚುವ ಪ್ರಶ್ನೆಗಳಿವೆ. ಅಲ್ಲಿ ಹತ್ತಕ್ಕೆ ಸೇರಿ ಮೂರೇ ನಿಮಿಷ!

ಹೆಚ್ಚಿನ ಮಕ್ಕಳು ಮಾಡುವುದು ಇಷ್ಟು: ಎಷ್ಟು ಮಡಿಕೆ ಎಂದು ಎಣಿಸುತ್ತಾರೆ. ಒಂದು ಮಡಿಕೆಗೆ ಎರಡು, ಎರಡು ಮಡಿಕೆಗೆ ನಾಲ್ಕು ಎಂದು ತೂತನ್ನು ದುಪ್ಪಟ್ಟು ಮಾಡುತ್ತಾರೆ. ಆಮೇಲೆ ಚೆಂದವಾಗಿ, ಎಲ್ಲ ಕಡೆ ಸಮನಾಗಿ ಕಾಣುವ ಉತ್ತರಕ್ಕೆ ಗುರುತು ಹಾಕುತ್ತಾರೆ. ಪ್ರಶ್ನೆ ತಯಾರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಆ ಚೆಂದದ ಉತ್ತರವನ್ನು ನಾಲ್ಕರಲ್ಲಿ ಒಂದಾಗಿ ಇಟ್ಟೇ ಇಡುತ್ತಾರೆ.

ಒಂದು ಲೆಕ್ಕ ನೋಡೋಣ. ಚೌಕದ ಹಾಳೆಯಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. ಎಡದಿಂದ ಬಲಕ್ಕೆ ನಂಬರ್ ಹಾಕಿ. ಮೇಲಿನ ಸಾಲು 1ರಿಂದ 4, ಕೆಳಗಿನ ಸಾಲು 13ರಿಂದ 16. ಮೊದಲು ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚಿ. 13 ಬಂದು 1ರ ಮೇಲೆ ಕೂತಿತು, 16 ಬಂದು 4ರ ಮೇಲೆ. ಈಗ ಎಡ ತುದಿಯ ಒಂದು ಪಟ್ಟಿಯನ್ನಷ್ಟೇ ಬಲಕ್ಕೆ ಮಡಚಿ. 1 ಬಂದು 2ರ ಮೇಲೆ ಕೂತಿತು. ಈಗ 2ರ ಮೇಲೊಂದು ತೂತು, 4ರ ಮೇಲೊಂದು ತೂತು ಹೊಡೆಯಿರಿ.

'ಮಾವಾ, ಎರಡು ಮಡಿಕೆ, ಎರಡು ತೂತು. ಎಂಟು ಆಗ್ತು ಅಲ್ದಾ?'

'ತಂಗಿ, 4ರ ಕೆಳಗೆ ಎಷ್ಟು ಪದರ ಇದ್ದು, ನೋಡು.'

ಎರಡೇ ಪದರ. ಎಡಗಡೆಯ ಪಟ್ಟಿ ಅಲ್ಲಿಯವರೆಗೆ ಬಂದೇ ಇಲ್ಲ. 2ರ ಜಾಗದಲ್ಲಿ ನಾಲ್ಕು ಪದರ. ನಾಲ್ಕಕ್ಕೆ ಎರಡು ಸೇರಿದರೆ ಆರು ತೂತು. ಹೀಗೆ ಪ್ರತಿ ತೂತಿನ ಕೆಳಗೆ ಎಷ್ಟು ಪದರ ಇವೆಯೋ ಅಷ್ಟು ಎಣಿಸಬೇಕೇ ಹೊರತು ಮಡಿಕೆಗಳನ್ನಲ್ಲ. ಇನ್ನು ಜಾಗ. ಕೊನೆಯ ಮಡಿಕೆ ಮೊದಲು ಬಿಚ್ಚಬೇಕು. ಪಟ್ಟಿ ಎಡಕ್ಕೆ ಹೋದರೆ 2ರ ತೂತು 1ರಲ್ಲೂ ಕಾಣುತ್ತದೆ. 4 ಸುಮ್ನೆ ಇದ್ದಲ್ಲೇ ಇರುತ್ತದೆ. ಮೇಲಿನ ಸಾಲಿನಲ್ಲಿ 1, 2, 4 ಆಯಿತು. ಈಗ ಕೆಳಗಿನ ಅರ್ಧ ಇಳಿಸಿದರೆ 13, 14, 16.

ಈ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ. ಮೇಲೆ ಕೆಳಗೆ ಕನ್ನಡಿ ಹಿಡಿದ ಹಾಗೆ ಸಮ ಇದೆ. ಎಡ ಬಲ ಸಮ ಇಲ್ಲ. ಯಾಕೆ? ಮೊದಲ ಮಡಿಕೆ ಹಾಳೆಯ ಸರಿಯಾಗಿ ಅರ್ಧಕ್ಕೆ ಬಿದ್ದದ್ದು. ಆಮೇಲೆ ಏನೇ ಮಾಡಿದರೂ ಎರಡೂ ಅರ್ಧಗಳು ಒಟ್ಟಿಗೇ ಅನುಭವಿಸಬೇಕು, ಮೇಲಿನದಕ್ಕೆ ಒಂದು ಕೆಳಗಿನದಕ್ಕೆ ಇನ್ನೊಂದು ಆಗುವ ಹಾಗಿಲ್ಲ. ಎರಡನೇ ಮಡಿಕೆಗೆ ಅಷ್ಟು ಅಧಿಕಾರ ಇಲ್ಲ. ಅದರ ಆಳ್ವಿಕೆ ತಾನು ಮುಚ್ಚಿದಷ್ಟು ಜಾಗಕ್ಕೆ ಮಾತ್ರ. ಹಾಗಾಗಿ ಮೊದಲ ಮಡಿಕೆ ಪೂರ್ತಿ ಅರ್ಧಕ್ಕಿದ್ದರೆ, ಬೇರೆ ಏನೂ ಯೋಚಿಸದೆ ನಾಲ್ಕು ಉತ್ತರಗಳನ್ನೂ ಆ ಗೆರೆಗೆ ಹಿಡಿದು ನೋಡುವುದು ಒಳ್ಳೆಯದು. ಆ ಗೆರೆಗೆ ಸಮ ಇಲ್ಲದ್ದೆಲ್ಲ ತಪ್ಪು. ಎಷ್ಟೋ ಸಲ ಎರಡು ಉತ್ತರ ಅಲ್ಲೇ ಬಿದ್ದು ಹೋಗುತ್ತವೆ.

ಮೂಲೆಯಿಂದ ಮೂಲೆಗೆ ಮಡಚಿದಾಗ ಇದರ ಬೆಲೆ ತಿಳಿಯುತ್ತದೆ. ಕೆಳಗಿನ ಎಡ ಮೂಲೆಯನ್ನು ಎತ್ತಿ ಮೇಲಿನ ಬಲ ಮೂಲೆಗೆ ಕೂಡಿಸಿ. ಮಡಿಕೆಯ ಗೆರೆ 1, 6, 11, 16ರ ಮೇಲೆ ಹಾಯುತ್ತದೆ. ಇಲ್ಲಿ ಸಾಲು ಕಂಬವಾಗುತ್ತದೆ, ಕಂಬ ಸಾಲಾಗುತ್ತದೆ. ಮೊದಲ ಸಾಲಿನ ಮೂರನೇ ಮನೆ, ಅಂದರೆ 3ಕ್ಕೆ ಜೋಡಿ ಮೂರನೇ ಸಾಲಿನ ಮೊದಲನೇ ಮನೆ, ಅಂದರೆ 9. ಹಾಗೇ 2ಕ್ಕೆ ಜೋಡಿ 5. ಈಗ ಈ ತ್ರಿಕೋನದ ಎಡ ಭಾಗವನ್ನು ನಡುವಿನ ನೆಟ್ಟಗೆರೆಯಲ್ಲಿ ಬಲಕ್ಕೆ ಮಡಚಿ. 2 ಹೋಗಿ 3ರ ಮೇಲೆ ಕೂತಿತು. 3ರಲ್ಲಿ ಒಂದೇ ತೂತು ಹೊಡೆಯಿರಿ. ಪದರ ನಾಲ್ಕು, ಆದ್ದರಿಂದ ತೂತೂ ನಾಲ್ಕು.

ಹಿಂದಿನಿಂದ ಬಿಚ್ಚಿದರೆ ಮೊದಲು 3ರ ಜೊತೆ 2 ಬರುತ್ತದೆ. ಆಮೇಲೆ ಮೂಲೆ ಬಿಚ್ಚಿದಾಗ ಅವೆರಡರ ಜೋಡಿಗಳಾದ 9 ಮತ್ತು 5. ಉತ್ತರ 2, 3, 5, 9. ಅವಸರದಲ್ಲಿ ಮೂಲೆಯನ್ನೇ ಮೊದಲು ಬಿಚ್ಚಿದವರಿಗೆ 3 ಮತ್ತು 9 ಸಿಗುತ್ತದೆ. ಆಮೇಲೆ ನೆಟ್ಟಗೆರೆಯಲ್ಲಿ ತಿರುಗಿಸಿದರೆ 2 ಮತ್ತು 12. ಇದರಲ್ಲೂ ತೂತು ನಾಲ್ಕೇ! ಎಣಿಕೆ ಸರಿ ಇರುವುದರಿಂದ ಮಗುವಿಗೆ ಅನುಮಾನವೇ ಬರುವುದಿಲ್ಲ. ಆದರೆ ಮೂಲೆಗೆರೆಗೆ ಹಿಡಿದು ನೋಡಿದರೆ 2ಕ್ಕೆ ಜೋಡಿಯಾದ 5 ಕಾಣೆ. ಅಲ್ಲಿಗೆ ಸಿಕ್ಕಿಬಿತ್ತು. ಮೊದಲ ಲೆಕ್ಕದಲ್ಲಿ ಎರಡು ಗೆರೆಗಳೂ ಅಡ್ಡ ಮತ್ತು ನೆಟ್ಟಗಿದ್ದವು, ಹಾಗಾಗಿ ಯಾವುದನ್ನು ಮೊದಲು ತಿರುಗಿಸಿದ್ದರೂ ಉತ್ತರ ಕೆಡುತ್ತಿರಲಿಲ್ಲ. ಅಂಥವನ್ನೇ ಜಾಸ್ತಿ ಮಾಡಿ ಅಭ್ಯಾಸವಾದವರು ಮೂಲೆ ಮಡಿಕೆಯಲ್ಲಿ ಜಾರುವುದು ಹೀಗೆ.

ತೂತು ಮಡಿಕೆಯ ಗೆರೆಯ ಮೇಲೇ ಬಿದ್ದರೆ ಮಾತ್ರ ಲೆಕ್ಕ ಬೇರೆ. ಮಡಚಿದಾಗ ಅಂಚಿನಲ್ಲಿ ಅರ್ಧ ಚಂದ್ರದ ಹಾಗೆ ಕಾಣುತ್ತದೆ. ಬಿಚ್ಚಿದರೆ ಎರಡು ತೂತಲ್ಲ, ಒಂದೇ ಇಡೀ ತೂತು.

ನಿಜವಾದ ಕಾಗದದಲ್ಲಿ ಮಾಡಿ ತೋರಿಸೋಣ ಎಂದರೆ ಆಷಾಢದಲ್ಲಿ ನಮ್ಮ ಕಡೆ ಕಷ್ಟ. ನೋಟ್‌ಬುಕ್ಕಿನ ಹಾಳೆ ಥಂಡಿ ಹಿಡಿದು ಬಟ್ಟೆಯ ಹಾಗಾಗಿರುತ್ತದೆ. ಮಡಿಕೆ ನಿಲ್ಲುವುದಿಲ್ಲ, ಪಂಚ್ ಒತ್ತಿದರೆ ಕತ್ತರಿಸದೆ ಜಗಿಯುತ್ತದೆ. ಒಣಗಿದ ಹಾಳೆಯಾದರೂ ಪದರ ಜಾಸ್ತಿಯಾದಷ್ಟೂ ಒಳಗಿನದು ಕೂದಲೆಳೆಯಷ್ಟು ಸರಿಯುತ್ತದೆ, ಹಾಗಾಗಿ ತೂತುಗಳು ಮನೆಯ ನಡುವಿಗೆ ಬೀಳುವುದಿಲ್ಲ. ಪ್ರಶ್ನೆಪತ್ರಿಕೆಯ ಕಾಗದಕ್ಕೆ ದಪ್ಪವೇ ಇಲ್ಲ, ಪುಣ್ಯಕ್ಕೆ.

ಮೊದಲ ಮಡಿಕೆಯ ಗುಟ್ಟು ತಿಳಿದ ಮೇಲೆ ಹುಡುಗಿ ಗೈಡಿನ ಮೇಲೇ ತಿರುಗಿ ಬಿದ್ದಿದ್ದಾಳೆ. ಮೊನ್ನೆ ಒಂದು ಪ್ರಶ್ನೆ ತಂದಳು. ಮೊದಲ ಮಡಿಕೆ ಸರಿಯಾಗಿ ಅರ್ಧಕ್ಕೆ ಇದೆ, ಆದರೆ ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದೂ ಆ ಗೆರೆಗೆ ಸಮ ಇಲ್ಲ. ನಾನೂ ನೋಡಿದೆ, ಅವಳು ಹೇಳಿದ್ದೇ ಸರಿ. ಪೆನ್ಸಿಲಿನಲ್ಲಿ ನಾಲ್ಕನ್ನೂ ಅಡ್ಡ ಹೊಡೆದು ಪಕ್ಕದಲ್ಲಿ 'ಎಲ್ಲ ತಪ್ಪು' ಎಂದು ಬರೆದಳು. ಅಕ್ಕನಿಗೆ ಗಾಬರಿ. ಪರೀಕ್ಷೆಯಲ್ಲೂ ಹೀಗೇ ಬರೆದು ಬಂದರೆ ಗತಿ ಏನು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಲ್ಲ, ಯಾವುದೋ ಒಂದು ಗುಂಡು ಕಪ್ಪು ಮಾಡಿ ಬಾ ಎಂದಳು. ಹುಡುಗಿ ಇನ್ನೂ ಒಪ್ಪಿಲ್ಲ.