ಬಣ್ಣ ಸ್ವಲ್ಪ ಕಮ್ಮಿ

ಮದುವೆ ಬ್ರೋಕರ್ ಹುಡುಗಿಯ ಓದು, ಕೆಲಸ, ಗೋತ್ರ ಎಲ್ಲ ಒಪ್ಪಿಸಿ ದನಿ ಇಳಿಸಿದರು. ‘ಲಕ್ಷಣವಾಗಿದ್ದಾಳೆ ಸಾರ್. ಬಣ್ಣ ಮಾತ್ರ ಸ್ವಲ್ಪ ಕಮ್ಮಿ.’ ಕಪ್ಪಗಿದ್ದರೆ ಬಣ್ಣ ಜಾಸ್ತಿ ಅನ್ನಬೇಕು ಅಲ್ವಾ? ಹುಡುಗಿಯ ಹೆಸರು ಬೇರೆ ಶ್ಯಾಮಲಾ.

ಮನೆಗೆ ಬಂದು ಅಮರಕೋಶ ತೆಗೆದೆ. ಕಪ್ಪಿಗೆ ಅಲ್ಲಿ ಏಳು ಹೆಸರು: ಕೃಷ್ಣ, ನೀಲ, ಅಸಿತ, ಶ್ಯಾಮ, ಕಾಲ, ಶ್ಯಾಮಲ, ಮೇಚಕ. ನೀಲವೂ ಕಪ್ಪಿನ ಸಾಲಿನಲ್ಲೇ ಕೂತಿದೆ ನೋಡಿ. ನಮ್ಮ ಕ್ಯಾಲೆಂಡರ್‌ನವರು ಅದೊಂದನ್ನೇ ಎತ್ತಿಕೊಂಡು ಕೃಷ್ಣನನ್ನು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿಬಿಟ್ಟರು. ಇನ್ನು ‘ಗೌರ’ ಅಂದರೆ ಬಿಳಿ ಅಂತಲೂ ಇದೆ, ಅರಿಶಿನದ ಹಳದಿ ಅಂತಲೂ ಇದೆ. ಕಾಮಾಲೆ ಬಂದವರಿಗೆ ಇದೇ ಸಮಾಧಾನ.

ಮೇಘದೂತದ ಯಕ್ಷ ತನ್ನ ಹೆಂಡತಿಯ ಗುರುತು ಹೇಳುವಾಗ ‘ತನ್ವೀ ಶ್ಯಾಮಾ’ ಎಂದೇ ಶುರು ಮಾಡುತ್ತಾನೆ. ತೆಳ್ಳಗಿನವಳು, ಕಪ್ಪಗಿನವಳು ಅಂದುಕೊಂಡು ನಾವು ಖುಷಿಪಟ್ಟರೆ, ವ್ಯಾಖ್ಯಾನಕಾರ ಮಲ್ಲಿನಾಥ ‘ಶ್ಯಾಮಾ ಅಂದರೆ ಯುವತಿ’ ಅನ್ನುತ್ತಾನೆ. ಅವನು ಸುಮ್ನೆ ಹೇಳಿದ್ದಲ್ಲ, ನಿಘಂಟಿನ ಆಧಾರ ಕೊಟ್ಟಿದ್ದಾನೆ. ಅದೇ ಕಾವ್ಯದಲ್ಲಿ ಯಕ್ಷ ಹೆಂಡತಿಯ ಮೈಯನ್ನು ಶ್ಯಾಮಾ ಬಳ್ಳಿಯಲ್ಲಿ ಕಾಣುತ್ತಾನೆ. ಹಾಗಾಗಿ ಬಣ್ಣವೋ ವಯಸ್ಸೋ ಎಂದು ಜಗಳ ಆಡಲು ಜಾಗ ಇದೆ, ಒಪ್ಪೋಣ.

ಆದರೆ ವ್ಯಾಖ್ಯಾನಗಳಲ್ಲಿ ಓಡಾಡುವ ಇನ್ನೊಂದು ಶ್ಲೋಕ ಇದೆ. ಚಳಿಯಲ್ಲಿ ಹಿತವಾಗಿ ಬೆಚ್ಚಗಿರುವವಳು, ಬೇಸಿಗೆಯಲ್ಲಿ ಹಿತವಾಗಿ ತಂಪಾಗಿರುವವಳು, ಕಾಸಿದ ಚಿನ್ನದ ಬಣ್ಣದವಳು, ಅವಳೇ ಶ್ಯಾಮೆಯಂತೆ! ಹೀಟರ್ರೂ ಕೂಲರ್ರೂ ಒಬ್ಬಳೇ ಆಗಿದ್ದನ್ನು ಸಹಿಸಬಹುದು. ಕಪ್ಪಿನ ಹೆಸರಿನವಳು ಚಿನ್ನದ ಬಣ್ಣಕ್ಕೆ ತಿರುಗಿದ್ದು ಹೇಗೆ? 2020ರಲ್ಲಿ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಹಾಕಿಕೊಂಡಿತು. ಡಬ್ಬಿ ಹೊಸದು, ಉಪಾಯ ಹಳೆಯದು.

ವ್ಯಾಸರ ಹತ್ತಿರ ಈ ಆಟ ನಡೆಯುವುದಿಲ್ಲ. ಯಜ್ಞವೇದಿಯಿಂದ ಎದ್ದ ದ್ರೌಪದಿ ಶ್ಯಾಮೆ, ತಾವರೆ ಎಸಳಿನ ಕಣ್ಣು, ಕಪ್ಪು ಗುಂಗುರು ಕೂದಲು. ಕನ್ನೈದಿಲೆಯಂಥ ಮೈಗಂಧ ಒಂದು ಕ್ರೋಶ ದೂರ ಹರಡುತ್ತದೆ. ‘ಬಣ್ಣದಿಂದ ಕಪ್ಪಗಿದ್ದಳು, ಆದ್ದರಿಂದ ಕೃಷ್ಣೆ ಎಂದರು’ ಅಂತ ಆದಿಪರ್ವ ಕಾರಣವನ್ನೂ ಬರೆದಿಟ್ಟಿದೆ. ವ್ಯಾಖ್ಯಾನಕ್ಕೆ ಸಂದು ಸಿಗಲಿಲ್ಲ, ಹಾಗಾಗಿ ಟೀವಿಯವರು ಮೇಕಪ್ಪಿನಲ್ಲಿ ಸರಿಮಾಡಿದರು. ಹಾಗಂತ ಪುರಾಣಗಳಿಗೆ ಕಪ್ಪಿನ ಮೇಲೆ ಪ್ರೀತಿ ಮಾತ್ರ ಇತ್ತು ಅನ್ನಬೇಡಿ. ಶಿವ ‘ಕಾಳಿ’ ಎಂದು ಛೇಡಿಸಿದ್ದಕ್ಕೆ ಪಾರ್ವತಿ ತಪಸ್ಸು ಮಾಡಿ ಗೌರಿಯಾದ ಕಥೆಯೂ ಅಲ್ಲೇ ಇದೆ.

ಇಷ್ಟೂ ಬ್ರೋಕರಿಗೆ ಹೇಳಿದೆ. ತಾಳ್ಮೆಯಿಂದ ಕೇಳಿದರು.

‘ದ್ರೌಪದಿಗೆ ಸ್ವಯಂವರ ಆಯ್ತು ಸಾರ್, ಎದುರಿಗೇ ನೋಡಿದ್ರು. ನಮ್ಮದು ವಾಟ್ಸಾಪು. ಫೋಟೋ ಸ್ವಲ್ಪ ಲೈಟ್ ಮಾಡಿಸಿ ಕಳಿಸಲಾ?’